ನಾಲ್ಕು ಮಕ್ಕಳಿಗೆ ಒಬ್ಬ ಆಯಾ ಎಂದು ನಂಬಿ ಮಗುವನ್ನು ಬಿಟ್ಟೆ

ಕಾರವಾರದಲ್ಲಿ ಡೇಕೇರ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಪತಿಗೆ ಕೈಗಾದಲ್ಲಿ ಪಾಳಿ ಕೆಲಸ, ಅತ್ತೆ ಅಂಕೋಲಾದಲ್ಲಿ. ಬೇರೆ ದಾರಿಯಿರಲಿಲ್ಲ.

ಸೇರಿಸುವಾಗ ಅಚ್ಚುಕಟ್ಟಾಗಿ ಮುದ್ರಿಸಿದ ಹಾಳೆ ಕೊಟ್ಟರು. 26 ಮಕ್ಕಳು, 7 ಸಿಬ್ಬಂದಿ, 'ನಾಲ್ಕು ಮಕ್ಕಳಿಗೆ ಒಬ್ಬರು', ಊಟ ಸೇರಿ ತಿಂಗಳಿಗೆ 5,500 ರೂಪಾಯಿ. ಖುಷಿಯಿಂದ 10,000 ಠೇವಣಿ ಕಟ್ಟಿದೆ. ಆ ಏಳು ಮಂದಿ ಯಾರೆಂದು ಕೇಳಲೇ ಇಲ್ಲ. ಕೇಳಬೇಕಿತ್ತು!

ಜುಲೈನಲ್ಲಿ ಒಂದು ದಿನ ಜೋರು ಮಳೆಯೆಂದು ಅರ್ಧ ದಿನ ರಜೆ ಹಾಕಿ, ಮೊದಲೇ ತಿಳಿಸದೆ ಮಧ್ಯಾಹ್ನ ಎರಡೂವರೆಗೆ ಹೋದೆ. ಒಂದೇ ಕೋಣೆಯಲ್ಲಿ ಹದಿಮೂರು ಮಕ್ಕಳು, ಒಬ್ಬಳೇ ಆಯಾ. ಅವಳು ಒಂದು ಮಗುವಿನ ಬಟ್ಟೆ ಬದಲಿಸುತ್ತಿದ್ದಳು. ಐದು ತಿಂಗಳ ಕೂಸೊಂದು ದಿಂಬಿಗೆ ಮುಖ ಒತ್ತಿ ಬೋರಲಾಗಿ ಮಲಗಿತ್ತು. ಬಚ್ಚಲಿನ ಬಾಗಿಲು ತೆರೆದೇ ಇತ್ತು, ಒಳಗೆ ತುಂಬಿದ ಬಕೆಟ್. ನನ್ನ ಮಗಳು ಆ ಬಕೆಟ್ ಹಿಡಿದು ನಿಂತಿದ್ದಳು. ತಲೆಕೆಳಗಾಗಿ ಬಿದ್ದರೆ ಈ ವಯಸ್ಸಿನ ಮಗುವಿಗೆ ಮೇಲೇಳಲು ಆಗುವುದಿಲ್ಲ, ಅಳುವ ಸದ್ದೂ ಕೇಳಿಸುವುದಿಲ್ಲ. ಈಗಲೂ ಅದೇ ಕಣ್ಣಿಗೆ ಕಟ್ಟುತ್ತದೆ.

ಮಾಲಕಿಯನ್ನು ಕೇಳಿದೆ. "ಎರಡನೆಯ ಆಯಾ ವ್ಯಾನಿನಲ್ಲಿ ಶಾಲೆಯ ಮಕ್ಕಳನ್ನು ಕರೆತರಲು ಹೋಗಿದ್ದಾಳೆ ಮೇಡಂ, ದಿನವೂ ಹೋಗುತ್ತಾಳೆ." ಉಳಿದವರು? ಅಡುಗೆಯವರು, ಕಸ ಗುಡಿಸುವವರು, ವ್ಯಾನಿನ ಚಾಲಕ, ಲೆಕ್ಕ ಬರೆಯುವ ಹುಡುಗಿ, ಮತ್ತು ಸ್ವತಃ ಮಾಲಕಿ! "ಎಲ್ಲರೂ ಸಿಬ್ಬಂದಿಯೇ ಅಲ್ಲವೇ? ನಿಮ್ಮ ಮಗುವಿಗೆ ಏನೂ ಆಗಿಲ್ಲವಲ್ಲ?" ಎಂದರು. ಏನೂ ಆಗಿಲ್ಲವಂತೆ. ಉದ್ಯೋಗಸ್ಥಳಗಳ ಶಿಶುಪಾಲನಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರಾದರೂ ಇರಬೇಕು ಎನ್ನುತ್ತದೆ. ಇಲ್ಲಿ ಅದೂ ಇಲ್ಲ.

ಮನೆಗೆ ಬಂದು ಲೆಕ್ಕ ಹಾಕಿದಾಗ ನನ್ನ ಮೇಲೆಯೇ ಸಿಟ್ಟು ಬಂತು. ನಾಲ್ಕು ಮಕ್ಕಳ ಶುಲ್ಕ 22,000. ಆಯಾಳ ಸಂಬಳ ತಿಂಗಳಿಗೆ 11,000 ಎಂದುಕೊಳ್ಳಿ. ಕೇಂದ್ರ ತೆರೆದಿರುವುದು ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ. ಅವಳ ಊಟ, ವಾರದ ರಜೆ, ಕಾಯಿಲೆ ಎಲ್ಲವನ್ನೂ ತುಂಬಲು ಒಂದೂವರೆ ಜನ ಬೇಕು, ಅಂದರೆ 16,500. ಉಳಿದ 5,500ರಲ್ಲಿ ಬಾಡಿಗೆ, ಹಾಲು, ಅನ್ನ, ಕರೆಂಟು, ವ್ಯಾನು, ಮಾಲಕಿಯ ಲಾಭ? ಆ ಶುಲ್ಕಕ್ಕೆ ಆ ಅನುಪಾತ ಸಾಧ್ಯವೇ ಇರಲಿಲ್ಲ. ಹಾಳೆಯಲ್ಲೇ ಸುಳ್ಳು ಕಾಣುತ್ತಿತ್ತು, ನಾನು ನೋಡಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡಬೇಡಿ, ಆಗ ಎಲ್ಲರೂ ಇರುತ್ತಾರೆ. ವ್ಯಾನ್ ಹೊರಟ ಮೇಲೆ, ಮಕ್ಕಳು ಮಲಗುವ ಹೊತ್ತಿಗೆ ಹೋಗಿ. ಕೋಣೆಯೊಳಗೆ ಮಕ್ಕಳನ್ನಷ್ಟೇ ನೋಡಿಕೊಳ್ಳುತ್ತಿರುವವರನ್ನು ಮಾತ್ರ ಎಣಿಸಿ. ಬಚ್ಚಲಿನ ಬಾಗಿಲನ್ನೂ ನೋಡಿ.

ಮಗಳನ್ನು ಅಂದೇ ಬಿಡಿಸಿದೆ. ಠೇವಣಿ ಕೇಳಿದರೆ, "ಒಂದು ತಿಂಗಳು ಮೊದಲೇ ತಿಳಿಸಬೇಕಿತ್ತು ಮೇಡಂ, ಹಾಳೆಯಲ್ಲಿ ಬರೆದಿದೆಯಲ್ಲ" ಎಂದರು.