ನಾಮಿನಿ ಹೆಸರು ಇವತ್ತೇ ತೆಗೆದು ನೋಡಿ, ನನ್ನ ಹಾಗೆ ಕೈ ಸುಟ್ಟುಕೊಳ್ಳಬೇಡಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರಿಗೆ ಹೀಗಾಗಬಾರದು.

ನನ್ನ ಗಂಡ ಹೋದ ವರ್ಷ ತೀರಿಕೊಂಡರು. ಅವರ ಹೆಸರಲ್ಲಿ ಮ್ಯೂಚುವಲ್ ಫಂಡ್ ಇತ್ತು, ಸುಮಾರು 12 ಲಕ್ಷ. ಮದುವೆಗೆ ಮುಂಚೆ ಶುರು ಮಾಡಿದ್ದು. ನಾಮಿನಿ ಅವರ ಅಣ್ಣ, ಅಂದರೆ ನನ್ನ ಭಾವ. ಇದು ನನಗೆ ಗೊತ್ತಿತ್ತು! ಮೂರು ವರ್ಷದ ಹಿಂದೆ ಸ್ಟೇಟ್‌ಮೆಂಟ್ ನೋಡಿ ಏಜೆಂಟನ್ನು ಕೇಳಿದ್ದೆ. "ಅಕ್ಕಾ, ನಾಮಿನಿ ಅನ್ನೋದು ಸುಮ್ನೆ ಹೆಸರಿಗೆ. ಕಾನೂನು ಪ್ರಕಾರ ಹಣ ಹೆಂಡತಿ ಮಕ್ಕಳಿಗೇ ಬರೋದು" ಅಂದ. ನಂಬಿದೆ. ಒಂದು ಫಾರಂ ತುಂಬಿ ಬದಲಾಯಿಸಬಹುದಿತ್ತು, ಬದಲಾಯಿಸಲಿಲ್ಲ.

ಫಂಡ್ ಆಫೀಸಿಗೆ ಕಾಗದ ಹಿಡಿದು ಹೋದೆ. "ಮೇಡಂ, ಯೂನಿಟ್‌ಗಳು ಹೋದ ವಾರವೇ ನಾಮಿನಿ ಹೆಸರಿಗೆ ವರ್ಗ ಆಗಿವೆ." ಕಾಲಡಿ ನೆಲ ಇಲ್ಲದ ಹಾಗಾಯಿತು. ನಾನು ಅವರ ಹೆಂಡತಿ ಅಂದೆ. "ನಾಮಿನಿಗೆ ಕೊಟ್ಟರೆ ನಮ್ಮ ಜವಾಬ್ದಾರಿ ಮುಗೀತು. ತಕರಾರಿದ್ದರೆ ಕೋರ್ಟಿಗೆ ಹೋಗಿ." ಅಷ್ಟೇ ಉತ್ತರ. ಭಾವನನ್ನು ಕೇಳಿದರೆ, "ತಮ್ಮ ನನ್ನ ಹೆಸರು ಬರೆದಿದ್ದಾನೆ ಅಂದರೆ ಅದಕ್ಕೊಂದು ಅರ್ಥ ಇದೆ ಅಲ್ವಾ?" ಏಜೆಂಟ್ ಈಗ ಫೋನೇ ಎತ್ತುವುದಿಲ್ಲ.

ವಕೀಲರು ಹೇಳಿದ ಮೇಲೆ ಗೊತ್ತಾಯಿತು, ಏಜೆಂಟ್ ಹೇಳಿದ್ದು ಅರ್ಧ ನಿಜ. ನಾಮಿನಿ ಮಾಲೀಕ ಅಲ್ಲ, ಹಣ ಪಡೆದು ವಾರಸುದಾರರಿಗೆ ಕೊಡಬೇಕಾದವನು. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ. ಆದರೆ ಹಣ ಮೊದಲು ಹೋಗುವುದು ನಾಮಿನಿ ಕೈಗೇ! ಅವನು ಕೊಡದಿದ್ದರೆ ಕೋರ್ಟಿಗೆ ಅಲೆಯಬೇಕಾದವರು ನಾವು. ಈಗ ನಾನು ಅಲೆಯುತ್ತಿದ್ದೇನೆ.

ಇನ್ನೊಂದು ಮಾತು. ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲು. ನಮ್ಮಲ್ಲಿ ನನಗೆ, ಮಗಳಿಗೆ, ಅತ್ತೆಗೆ ತಲಾ 4 ಲಕ್ಷ. ಭಾವನಿಗೆ ಏನೂ ಇಲ್ಲ, ಆದರೆ ಹಣವೆಲ್ಲ ಅವರ ಹತ್ತಿರವೇ ಇದೆ. ನಾನೇ ನಾಮಿನಿ ಆಗಿದ್ದರೂ ಅತ್ತೆಯ ಪಾಲು ಕೊಡಲೇಬೇಕಿತ್ತು. ಅತ್ತೆಗೆ ಕೊಡಲು ನನಗೆ ಬೇಜಾರಿಲ್ಲ. ಯಾರಿಗೆ ಎಷ್ಟು ಅಂತ ಇವರು ಬರೆದಿಡಬಹುದಿತ್ತಲ್ಲ ಅನ್ನೋದೇ ಸಂಕಟ. ವಿಲ್‌ಗೆ ಛಾಪಾ ಕಾಗದವೂ ಬೇಡವಂತೆ. ಬರೆದು ಸಹಿ ಮಾಡಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಸಾಕು. ನೋಂದಣಿಯೂ ಕಡ್ಡಾಯವಲ್ಲ.

ಬ್ಯಾಂಕಿನಲ್ಲಿದ್ದ ಎಫ್‌ಡಿ ಇಬ್ಬರ ಹೆಸರಲ್ಲಿತ್ತು, 'ಐದರ್ ಆರ್ ಸರ್ವೈವರ್' ಅಂತ, ಅಂದರೆ ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿ ಉಳಿದವರು ಹಣ ಪಡೆಯಬಹುದು ಅಂತ. ಅವಧಿ ಮುಗಿದಾಗ ಮರಣ ಪ್ರಮಾಣಪತ್ರ ಕೊಟ್ಟೆ, ಹಣ ನನ್ನ ಕೈಗೆ ಬಂತು. ಯಾರೂ ಒಂದು ಮಾತು ಕೇಳಲಿಲ್ಲ.

ಮದುವೆಗೆ ಮುಂಚೆ ತೆರೆದ ಪ್ರತಿ ಖಾತೆಯ ನಾಮಿನಿಯನ್ನು ನೋಡಿ. ಬೇರೆಯವರ ಹೆಸರಿದ್ದರೆ ಬದಲಾಯಿಸಿ, ಬದಲಾದ ಹೊಸ ಸ್ಟೇಟ್‌ಮೆಂಟ್ ಕೈಗೆ ಬರುವ ತನಕ ಬಿಡಬೇಡಿ. ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ್ದನ್ನು ದಯವಿಟ್ಟು ನಂಬಬೇಡಿ.