ಉದ್ದ ತೊಡೆ, ಗಿಡ್ಡ ಕೈ: ಮೂರು ಡೆಡ್‌ಲಿಫ್ಟ್‌ಗಳಲ್ಲಿ ಯಾವುದು ಹೊಂದುತ್ತದೆ?

ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದೇ ಡೆಡ್‌ಲಿಫ್ಟ್. ತೊಡೆ ಉದ್ದ, ಕೈ ಗಿಡ್ಡ ಇರುವವರು, ಕಾಲು ಹತ್ತಿರವಿಟ್ಟು ಕೈಯನ್ನು ಕಾಲಿನ ಹೊರಗಿಟ್ಟು ಎತ್ತುವ ಕನ್ವೆನ್ಶನಲ್ ಡೆಡ್‌ಲಿಫ್ಟ್‌ಗೆ ಬಗ್ಗಿದರೆ ಬೆನ್ನು ಹೆಚ್ಚುಕಮ್ಮಿ ನೆಲಕ್ಕೆ ಸಮವಾಗಿ ಮಲಗುತ್ತದೆ. ಸೊಂಟ ಬಾರಿನಿಂದ ಹಿಂದೆ ದೂರ ಹೋಗುವುದರಿಂದ ಕೆಳಬೆನ್ನಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಇಂಥ ಮೈಕಟ್ಟಿನ, 72 ಕೆ.ಜಿ. ತೂಕದ ಒಬ್ಬರಿಂದ ಮಂಗಳೂರಿನ ಜಿಮ್ಮಿನಲ್ಲಿ 60 ಕೆ.ಜಿ.ಯನ್ನು ಕನ್ವೆನ್ಶನಲ್, ಸುಮೋ, ಟ್ರ್ಯಾಪ್ ಬಾರ್ ಎಂಬ ಮೂರೂ ರೀತಿಯಲ್ಲಿ ಐದೈದು ಸಲ ಎತ್ತಿಸಿ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ ನೋಡಿದೆವು. ಮೂರಕ್ಕೂ ಬೇರೆ ಬೇರೆ ದಿನ ಕೊಟ್ಟದ್ದರಿಂದ ಹಿಂದಿನ ಸೆಟ್ಟಿನ ದಣಿವು ಲೆಕ್ಕ ಕೆಡಿಸಲಿಲ್ಲ.

ಕನ್ವೆನ್ಶನಲ್‌ನಲ್ಲಿ ನಾಲ್ಕನೇ ಸಲಕ್ಕೇ ಸೊಂಟ ಮೊದಲು ಮೇಲೆದ್ದಿತು, ಭುಜ ಅಲ್ಲೇ ಉಳಿಯಿತು, ಕೆಳಬೆನ್ನು ಗುಂಡಗಾಯಿತು. ಆದರೆ ತಪ್ಪೆಲ್ಲ ಮೈಕಟ್ಟಿನದ್ದಲ್ಲ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ., ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಇಲ್ಲಿ ಹಾಕಿದ್ದ 10 ಕೆ.ಜಿ. ಕಬ್ಬಿಣದ ಪ್ಲೇಟಿನ ವ್ಯಾಸ 30 ಸೆಂ.ಮೀ. ಮಾತ್ರ, ಅಂದರೆ ಬಾರ್ 7.5 ಸೆಂ.ಮೀ. ಕೆಳಗೆ. ಎರಡೂ ಕಡೆ ಅಷ್ಟೇ ದಪ್ಪದ ಮರದ ಹಲಗೆ ಇಟ್ಟ ಮೇಲೆ ಐದೂ ಸಲ ಬೆನ್ನು ನೇರ ನಿಂತಿತು. ಶೈಲಿ ಬದಲಿಸುವ ಮೊದಲು ಟೇಪ್ ಹಿಡಿದು ಪ್ಲೇಟ್ ಅಳೆಯುವುದು ಒಳ್ಳೆಯದು.

ಸುಮೋದಲ್ಲಿ ಕಾಲು ಅಗಲಿಸಿ ಮಂಡಿಯನ್ನು ಹೊರಗೆ ತಳ್ಳುವುದರಿಂದ ಸೊಂಟ ಬಾರಿನ ಹತ್ತಿರ ಬರುತ್ತದೆ, ಬೆನ್ನು ಹೆಚ್ಚು ನೆಟ್ಟಗಿರುತ್ತದೆ. ಇವರ ಬೆನ್ನಿಗೆ ಹಿತವೆನಿಸಿತು, ಆದರೆ ಒಳತೊಡೆ ಎಳೆಯಿತು. ಎದುರಿನಿಂದ ನೋಡಿದರೆ ಕಣಕಾಲು ನೇರ ನಿಲ್ಲುವಷ್ಟೇ ಅಗಲ ಸಾಕು. ಅದಕ್ಕಿಂತ ಅಗಲಿಸಿದರೆ ಮಂಡಿ ಒಳಗೆ ಮಡಚುತ್ತದೆ. ಹೊಸಬರು ಕನ್ವೆನ್ಶನಲ್‌ನಲ್ಲಿ ಎತ್ತುತ್ತಿದ್ದ ಭಾರದ ಮುಕ್ಕಾಲು ಪಾಲಿನಿಂದ ಶುರುಮಾಡಿ, ಒಳತೊಡೆಗೆ ಕೆಲವು ವಾರ ಕೊಡಬೇಕು.

ಟ್ರ್ಯಾಪ್ ಬಾರ್ ಎಂದರೆ ನಡುವೆ ಚೌಕಟ್ಟಿರುವ ಬಾರ್; ಎತ್ತುವವರು ಆ ಚೌಕಟ್ಟಿನ ಒಳಗೇ ನಿಲ್ಲುತ್ತಾರೆ. ಹಿಡಿ ಮೈಯ ಎರಡು ಪಕ್ಕದಲ್ಲಿರುವುದರಿಂದ ಬಾರ್ ಕಣಕಾಲಿಗೆ ತಾಗುವ ಪ್ರಶ್ನೆಯೇ ಇಲ್ಲ. ಎತ್ತರದ ಹಿಡಿಯಲ್ಲಿ ಹಲಗೆಯಿಲ್ಲದೆಯೇ ಇವರು ಐದೂ ಸಲ ಸಲೀಸಾಗಿ ಎತ್ತಿದರು. ತಗ್ಗಿನ ಹಿಡಿಗೆ ತಿರುಗಿಸಿದರೆ ಸಣ್ಣ ಪ್ಲೇಟಿನ ತೊಂದರೆ ಮರಳುತ್ತದೆ. ಬಾರಿನ ತೂಕ ಕಂಪನಿಯಿಂದ ಕಂಪನಿಗೆ ಬೇರೆ. ಬರೀ ಬಾರನ್ನು ತಕ್ಕಡಿಗಿಟ್ಟು ನೋಡದೆ 60 ಎಂದು ಬರೆದುಕೊಳ್ಳಬಾರದು. ತೊಡೆಯ ಮುಂಭಾಗಕ್ಕೆ ಇಲ್ಲಿ ಕೆಲಸ ಹೆಚ್ಚು, ಹಿಂಭಾಗಕ್ಕೆ ಕಡಿಮೆ. ಆ ಕೊರತೆಗೆ ಮಂಡಿ ತುಸುವೇ ಮಡಚಿ ಸೊಂಟದಿಂದ ಬಾಗುವ ರೊಮೇನಿಯನ್ ಡೆಡ್‌ಲಿಫ್ಟನ್ನು ಹಗುರ ಭಾರದಲ್ಲಿ ಸೇರಿಸಬಹುದು.

ಕರಾವಳಿಯ ಸೆಕೆಯಲ್ಲಿ ಇನ್ನೊಂದು ಗೊಂದಲವಿದೆ. ಅಂಗೈ ಬೆವರಿ ಬಾರ್ ಜಾರತೊಡಗಿದಾಗ ಹಿಡಿಯಲು ಹೋಗಿ ಭುಜ ಮುಂದೆ ಬಾಗುತ್ತದೆ, ಬೆನ್ನು ಸೋತಂತೆ ಕಾಣುತ್ತದೆ. ಚಾಕ್‌ ಪುಡಿ ಹಚ್ಚಿಕೊಂಡು ಇನ್ನೊಮ್ಮೆ ಎತ್ತಿ ನೋಡಿಯೇ ತೀರ್ಮಾನಿಸಬೇಕು.

ಈ ಮೈಕಟ್ಟಿನವರಿಗೆ ಬೆನ್ನಿನ ಹಿತವೇ ಮುಖ್ಯವಾದರೆ ನಾವು ಕೊಡುವುದು ಟ್ರ್ಯಾಪ್ ಬಾರ್. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲದ ಕಾರಣ, ಆ ಗುರಿಯಿದ್ದವರು ಸುಮೋ ಕಲಿಯಲಿ. ಕೈ ಉದ್ದವಿರುವವರಿಗೆ ಕನ್ವೆನ್ಶನಲ್ ಸಾಕು. ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಪಾದ ಜೋಮು ಹಿಡಿದರೆ ಮೂರನ್ನೂ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.