ಟಕ್ಸ್ ತುದಿಯ ಗುಳಿಗೆ ಸ್ಪಂಜಿನ ದಿಂಬೋ, ಸುತ್ತಿದ ಟವೆಲ್ಲೋ?

ಎದೆಯ ಆಕಾರಕ್ಕೆಂದು ಮಡಿಚಿ ಹೊಲಿಯುವ ಟಕ್ಸಿನ ತುದಿಯಲ್ಲಿ ಗುಳಿ ಬೀಳದಂತೆ ನಾಲ್ಕು ಟಕ್ಸಿನ ಬ್ಲೌಸಿಗೆ ಇಸ್ತ್ರಿ ಹಾಕಲು ಆನ್‌ಲೈನಿನಲ್ಲಿ ತರಿಸಿದ ಸ್ಪಂಜಿನ ದಿಂಬಿಗಿಂತ ಬಿಗಿಯಾಗಿ ಸುತ್ತಿದ ಹಳೇ ಟವೆಲ್ಲೇ ವಾಸಿ. ಒಂದೇ ಬ್ಲೌಸಿನ ಎಡ ಟಕ್ಸನ್ನು ದಿಂಬಿನ ಮೇಲೆ, ಬಲದ್ದನ್ನು ಟವೆಲ್ ಮೇಲೆ ಇಟ್ಟು ನೋಡಿದ್ದೇನೆ.

ಹೊಲಿಗೆಯೇ ಸರಿಯಿಲ್ಲದಿದ್ದರೆ ಇವೆರಡೂ ಕೆಲಸಕ್ಕೆ ಬಾರವು. ಟಕ್ಸ್ ತುದಿ ಎದೆಯ ಪಾಯಿಂಟಿಗಿಂತ ಸುಮಾರು 1 ಇಂಚು ಮೊದಲೇ ನಿಲ್ಲಬೇಕು. ನನ್ನ ಕೆಳಗಿನ ಟಕ್ಸ್ ಮೂರೂವರೆ ಇಂಚು ಉದ್ದ, ಮಡಿಚಿದಾಗ ಬುಡದಲ್ಲಿ ಅರ್ಧ ಇಂಚು ಅಗಲ. ಸ್ಕೇಲಿಟ್ಟು ಎಳೆದ ನೇರ ಗೆರೆಯ ಮೇಲೇ ಹೊಲಿದು ತುದಿಯಲ್ಲಿ ರಿವರ್ಸ್ ಹಾಕಿದರೆ ಬಟ್ಟೆ ಅಲ್ಲಿ ಇದ್ದಕ್ಕಿದ್ದಂತೆ ಬಿಚ್ಚಿಕೊಳ್ಳುತ್ತದೆ, ಜೊತೆಗೆ ದಾರವೂ ಗುಂಪುಗಟ್ಟುತ್ತದೆ. ಗುಳಿ ಬೀಳುವುದು ಅದಕ್ಕೇ. ಹಾಗಾಗಿ ಕೊನೆಯ ಮುಕ್ಕಾಲು ಇಂಚಿನಲ್ಲಿ ಗೆರೆಯನ್ನು ಮಡಿಕೆಯ ಕಡೆಗೆ ಮೆಲ್ಲಗೆ ಬಾಗಿಸಿ, ಹೊಲಿಗೆಯನ್ನು ಚಿಕ್ಕದು ಮಾಡುತ್ತೇನೆ. ಕೊನೆಯ ಮೂರ್ನಾಲ್ಕು ಹೊಲಿಗೆ ಮಡಿಕೆಯಿಂದ ಒಂದೆರಡು ಎಳೆಯಷ್ಟೇ ಒಳಗಿರಬೇಕು. ಹಾಗೇ ಬಟ್ಟೆಯಿಂದಾಚೆ ಓಡಿಸಿ, ದಾರವನ್ನು ಉದ್ದ ಬಿಟ್ಟು ಕತ್ತರಿಸುತ್ತೇನೆ. ಜಾರುವ ರೇಷ್ಮೆಗೆ ಮಾತ್ರ ಸಡಿಲವಾಗಿ ಒಂದು ಗಂಟು. ಎಳೆದು ಕಟ್ಟಿದರೆ ತುದಿ ಮತ್ತೆ ಸುಕ್ಕಾಗುತ್ತದೆ.

ಇನ್ನು ಇಸ್ತ್ರಿ. ಮೊದಲು ಹೊಲಿಗೆಯ ಮೇಲೆ ಚಪ್ಪಟೆಯಾಗಿ ಒತ್ತುವಾಗ ಇಸ್ತ್ರಿಪೆಟ್ಟಿಗೆಯು ಟಕ್ಸಿನ ತುದಿಯನ್ನು ದಾಟಬಾರದು. ದಾಟಿದರೆ ಆಚೆಗೂ ಗೀರು ಬೀಳುತ್ತದೆ, ನೋಡುವವರಿಗೆ ಅದೇ ಗುಳಿಯಂತೆ ಕಾಣುತ್ತದೆ. ಆಮೇಲೆ ಕೆಳಗಿನ ಟಕ್ಸನ್ನು ಮಧ್ಯದ ಕಡೆಗೆ ಮಲಗಿಸಿ, ಒಳಮೈ ಮೇಲೆ ಬರುವಂತೆ ದಿಂಬಿನ ಇಲ್ಲವೇ ಟವೆಲ್ಲಿನ ಉಬ್ಬಿನ ಮೇಲಿಟ್ಟು ಒತ್ತಬೇಕು.

ಸ್ಪಂಜಿನ ದಿಂಬು ಕೈಕೊಡುವುದು ಇಲ್ಲೇ. ಪೆಟ್ಟಿಗೆಯ ಭಾರಕ್ಕೆ ಅದು ಕುಸಿದು ಬಟ್ಟೆ ಮೇಜಿನ ಮೇಲಿದ್ದಂತೆಯೇ ಚಪ್ಪಟೆಯಾಗುತ್ತದೆ. ಪೆಟ್ಟಿಗೆ ಎತ್ತಿದೊಡನೆ ಸ್ಪಂಜು ಮೇಲೆದ್ದು ಬರುವುದರಿಂದ, ಆಕಾರ ಕೊಟ್ಟಿತೆಂದು ಅನಿಸುತ್ತದೆ ಅಷ್ಟೇ. ಬಟ್ಟೆಗೆ ಆಕಾರ ಬೇಕಾದದ್ದು ಒತ್ತುವ ಗಳಿಗೆಯಲ್ಲಿ. ಸಾಲದ್ದಕ್ಕೆ ನನಗೆ ಬಂದ ದಿಂಬಿನ ಕವರು ಪಾಲಿಯೆಸ್ಟರಿನದು. ಹತ್ತಿಗೆ ಬೇಕಾದಷ್ಟು ಬಿಸಿಯಿಟ್ಟರೆ ಅದೇ ಮಿರಮಿರ ಹೊಳೆಯತೊಡಗುತ್ತದೆ, ಬಿಸಿ ಇಳಿಸಿದರೆ ರೂಬಿಯಾ ಬಟ್ಟೆ ಮಾತು ಕೇಳುವುದಿಲ್ಲ.

ಟವೆಲ್ಲನ್ನು ಮೊಣಕೈ ಗಾತ್ರಕ್ಕೆ ಸುತ್ತಿ, ದಾರದಿಂದ ಬಿಗಿದರೆ ಅದು ಕುಸಿಯುವುದಿಲ್ಲ, ಹಬೆಯನ್ನೂ ಹೀರಿಕೊಳ್ಳುತ್ತದೆ. ಹತ್ತಿಗೆ ಮೇಲೆ ಒದ್ದೆ ಬಟ್ಟೆ ಹಾಸುತ್ತೇನೆ. ರೇಷ್ಮೆಗೆ ಒಣ ಬಟ್ಟೆಯೇ, ಏಕೆಂದರೆ ನೀರಿನ ಕಲೆ ಕೂತರೆ ಹೋಗದು. ಬುಡದಿಂದ ತುದಿಯ ಕಡೆಗೆ ಒತ್ತುತ್ತಾ ಹೋಗಿ, ಪೂರ್ತಿ ಆರುವವರೆಗೂ ಬ್ಲೌಸನ್ನು ಅಲ್ಲೇ ಬಿಡಬೇಕು. ಬಿಸಿಯಿರುವಾಗಲೇ ಎತ್ತಿದರೆ ಆಕಾರ ನಿಲ್ಲದು. ಆರಿದ ಮೇಲೆ ಮುಷ್ಟಿಯ ಮೇಲೆ ಹಾಕಿ ಬೆಳಕಿಗೆ ಹಿಡಿದು ನೋಡಿ. ಗುಳಿ ಇನ್ನೂ ಇದ್ದರೆ ಇಸ್ತ್ರಿಯನ್ನು ದೂರಬೇಡಿ, ತುದಿಯ ಹೊಲಿಗೆ ಬಿಚ್ಚಿ.

ತಿಂಗಳಿಗೆ ಒಂದೆರಡು ಬ್ಲೌಸ್ ಹೊಲಿಯುವ ನನಗೆ ಖರ್ಚಿಲ್ಲದ ಟವೆಲ್ ಸಾಕು. ದಿನವೂ ಹೊಲಿಯುವವರು ಸ್ಪಂಜಿನದಕ್ಕೆ ದುಡ್ಡು ಹಾಕದೆ, ಬಡಗಿಯ ಹತ್ತಿರ ಒಣ ಮರದ ಹೊಟ್ಟು ತಂದು ದಪ್ಪ ಹತ್ತಿಯ ಚೀಲಕ್ಕೆ ಗಟ್ಟಿಯಾಗಿ ತುಂಬಿ ಹೊಲಿದುಕೊಳ್ಳಲಿ.